ಖರ್ಚಿನ ವೋಚರ್‌ಗಳಲ್ಲಿ 1ರಿಂದ ಶುರುವಾಗುವ ಮೊತ್ತವೇ ಯಾಕೆ ಇಷ್ಟು ಜಾಸ್ತಿ?

ಶಿವಲೀಲಾ (ಗಂಜ್, ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಜ್‌ನಲ್ಲಿ ದಲಾಲಿ ಅಂಗಡಿ. ತೊಗರಿ, ಕಡಲೆ, ಹೆಸರು ಬರುತ್ತವೆ. ಇಷ್ಟು ದಿನ ಅಪ್ಪ ಲೆಕ್ಕ ನೋಡುತ್ತಿದ್ದರು. ಅವರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಪುಸ್ತಕ ನನ್ನ ಕೈಗೆ ಬಂದಿದೆ. ಖರ್ಚಿನ ವೋಚರ್ ಬರೆಯುವುದು ನಮ್ಮ ಮುನೀಮರು. ಹಮಾಲಿ, ಲಾರಿ ಬಾಡಿಗೆ, ಖಾಲಿ ಚೀಲ, ಸುತಳಿ, ಚಹಾ, ತಕ್ಕಡಿ ರಿಪೇರಿ, ಎಲ್ಲಾ ಅದರಲ್ಲೇ.

ಮೊನ್ನೆ ಒಂದೊಂದೇ ತಿರುವಿ ಹಾಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. 140, 1,850, 12,300, 165, 1,020... ಎಲ್ಲಿ ನೋಡಿದರೂ ಮೊದಲ ಅಂಕಿ 1. ಅದು ಬಿಟ್ಟರೆ 2. 9ರಿಂದ ಶುರುವಾಗುವ ಮೊತ್ತ ಹುಡುಕಿದರೂ ಸಿಗುವುದಿಲ್ಲ. ಒಂಬತ್ತು ಅಂಕಿ ಇವೆ, ಎಲ್ಲವೂ ಸರಿಸಮ ಬರಬೇಕಲ್ವಾ? ಮುನೀಮರು ಮನಸ್ಸಿಗೆ ಬಂದಂತೆ ಬರೆದಿದ್ದಾರಾ ಅಂತ ಅನುಮಾನ ಬಂತು. ಅವರು ಇಪ್ಪತ್ತು ವರ್ಷದಿಂದ ನಮ್ಮಲ್ಲಿದ್ದಾರೆ, ಸುಮ್ನೆ ಕೇಳಿ ನೋಯಿಸುವುದಕ್ಕೆ ಇಷ್ಟವಿಲ್ಲ. ಲೆಕ್ಕ ಗೊತ್ತಿರುವವರು ಹೇಳಿ.

ಮಲ್ಲು (ಶಹಾಪುರ)

ಅಕ್ಕಾ, ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ. ಎಣಿಕೆ ಶುರುವಾಗುವುದೇ 1ರಿಂದ. 9 ಮುಟ್ಟುವ ಮೊದಲು ಎಲ್ಲರೂ 1 ದಾಟಲೇಬೇಕು. ಒಂದು ಓಣಿಯಲ್ಲಿ 20 ಮನೆ ಇವೆ ಅಂತ ಇಟ್ಟುಕೊಳ್ಳಿ. ಮನೆ ನಂಬರ್ 1, ಆಮೇಲೆ 10ರಿಂದ 19, ಒಟ್ಟು 11 ಮನೆ 1ರಿಂದ ಶುರು. ಅರ್ಧಕ್ಕಿಂತ ಜಾಸ್ತಿ. ಅಷ್ಟೇ ಕಾರಣ.

ನಿವೃತ್ತ ಮಾಸ್ತರ (ಕಲಬುರಗಿ)

ಶಿವಲೀಲಾ ಅವರೇ, ಮೊದಲು ನೀವು ನಿರಾಳವಾಗಿ. 1 ಜಾಸ್ತಿ ಇರುವುದು ತಪ್ಪಿನ ಗುರುತಲ್ಲ. ನಿಜವಾದ ವೋಚರ್‌ಗಳಲ್ಲಿ 1 ಜಾಸ್ತಿ ಇರಲೇಬೇಕು. ಒಂಬತ್ತೂ ಅಂಕಿ ಸರಿಸಮ ಬಂದಿದ್ದರೆ ನಾನು ಗಾಬರಿಯಾಗುತ್ತಿದ್ದೆ.

ಮಲ್ಲು, ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಅದೇ ಓಣಿಯಲ್ಲಿ 99 ಮನೆ ಇದ್ದರೆ? ಆಗಲೂ 1ರಿಂದ ಶುರುವಾಗುವ ಮನೆ 11 ಮಾತ್ರ. ಅಂದರೆ ನೂರಕ್ಕೆ 11. ಓಣಿ 199ಕ್ಕೆ ಬೆಳೆದರೆ 111 ಮನೆ, ಮತ್ತೆ ಅರ್ಧ ದಾಟಿತು. 999 ಆದರೆ ಪುನಃ ನೂರಕ್ಕೆ 11. ಏರುತ್ತದೆ, ಇಳಿಯುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಎಣಿಕೆಯ ದಾರಿಯಲ್ಲಿ ಹೋದರೆ 1ಕ್ಕೆ ಅನುಕೂಲ ಇದೆ ಅಂತ ಗೊತ್ತಾಗುತ್ತದೆ, ಎಷ್ಟು ಅಂತ ಗೊತ್ತಾಗುವುದಿಲ್ಲ.

ಎಷ್ಟು ಅನ್ನುವುದು ಸಿಗುವುದು ಗುಣಾಕಾರವನ್ನು ಕೂಡುವ ಲೆಕ್ಕ ಮಾಡಿಕೊಡುವ ಲಾಗ್ ಟೇಬಲ್‌ನಲ್ಲಿ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಲ್ಯಾಬ್‌ನಲ್ಲಿ ಮಕ್ಕಳು ಬಳಸುವ ನಾಲ್ಕಂಕಿಯ ಲಾಗ್ ಟೇಬಲ್ ಎರಡು ಪುಟ ಇರುತ್ತದೆ. ಒಂದು ಪುಟದಲ್ಲಿ 10ರಿಂದ 54, ಇನ್ನೊಂದರಲ್ಲಿ 55ರಿಂದ 99. ಸಾಲುಗಳು ಎರಡರಲ್ಲೂ 45. ಆದರೂ ಹಳೇ ಪುಸ್ತಕಗಳಲ್ಲಿ ಮೊದಲ ಪುಟವೇ ಬೆರಳಿನ ಜಿಡ್ಡಿಗೆ ಕಪ್ಪಾಗಿರುತ್ತಿತ್ತು. ಅದರಲ್ಲೂ ಮೇಲಿನ ಸಾಲುಗಳು ಓದಲು ಬಾರದಷ್ಟು ಸವೆದಿದ್ದವು. ಬಹಳ ವರ್ಷ ಇದನ್ನು ನೋಡಿಯೂ ನಾನು ಯೋಚನೆ ಮಾಡಿರಲಿಲ್ಲ.

1881ರಲ್ಲಿ ಸೈಮನ್ ನ್ಯೂಕಾಂಬ್ ಅನ್ನುವ ಅಮೆರಿಕದ ಖಗೋಳ ವಿಜ್ಞಾನಿ ಇದನ್ನೇ ಗಮನಿಸಿ ಎರಡು ಪುಟದ ಲೇಖನ ಬರೆದರು. ಲಾಗ್ ಪುಸ್ತಕದ ಮೊದಲ ಪುಟಗಳು ಕೊನೆಯ ಪುಟಗಳಿಗಿಂತ ಬೇಗ ಸವೆಯುತ್ತವೆ, ಅಂದರೆ ಜನರ ಕೈಗೆ ಬರುವ ಸಂಖ್ಯೆಗಳೇ 1ರಿಂದ ಜಾಸ್ತಿ ಶುರುವಾಗುತ್ತವೆ ಅಂತ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1938ರಲ್ಲಿ ಫ್ರಾಂಕ್ ಬೆನ್‌ಫರ್ಡ್ ಅನ್ನುವ ಭೌತಶಾಸ್ತ್ರಜ್ಞರು ನದಿಗಳು, ಊರುಗಳ ಜನಸಂಖ್ಯೆ, ಪತ್ರಿಕೆಯಲ್ಲಿ ಬಂದ ಅಂಕಿಗಳು ಅಂತ 20,229 ಸಂಖ್ಯೆ ಕೂಡಿಹಾಕಿ ಎಣಿಸಿದರು. ಅದಕ್ಕೇ ಈಗ ಬೆನ್‌ಫರ್ಡ್ ನಿಯಮ ಅನ್ನುತ್ತಾರೆ.

ನಿಮ್ಮ ವೋಚರ್ ಒಟ್ಟು ಎಷ್ಟಿವೆ? 1ರಿಂದ 9ರವರೆಗೆ ಒಂದೊಂದು ಅಂಕಿಗೂ ಎಣಿಸಿ ಹಾಕಿ. ಅಷ್ಟರೊಳಗೆ ನಾನು ಲೆಕ್ಕದ ಕಾರಣ ಬರೆಯುತ್ತೇನೆ.

ವಿಶ್ವ (ಯಾದಗಿರಿ)

ಸರ್, ಹಾಗಾದ್ರೆ ಲಕ್ಕಿ ಡ್ರಾದಲ್ಲಿ 1ರಿಂದ ಶುರುವಾಗುವ ಟಿಕೆಟ್ ತಗೊಂಡ್ರೆ ಗೆಲ್ಲುವ ಚಾನ್ಸ್ ಜಾಸ್ತಿನಾ? ಮತ್ತೆ ನನ್ನ ಫೋನಿನಲ್ಲಿರುವ ನಂಬರ್‌ಗಳಲ್ಲಿ ಒಂದೂ 1ರಿಂದ ಶುರುವಾಗಲ್ಲ, ಎಲ್ಲಾ 9, 8, 7, 6. ಈ ನಿಯಮ ನಮ್ಮ ದೇಶಕ್ಕೆ ನಡೆಯಲ್ವಾ?

ರೇಖಾ (ಸೇಡಂ)

ವಿಶ್ವ, ಫೋನ್ ನಂಬರ್ ಅನ್ನುವುದು ಯಾವುದರ ಅಳತೆಯೂ ಅಲ್ಲ, ಅದು ಬರೀ ಹೆಸರು. ಮೊಬೈಲ್ ನಂಬರ್ ಇಂಥ ಅಂಕಿಯಿಂದಲೇ ಶುರುವಾಗಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿದ್ದು. ಲಕ್ಕಿ ಡ್ರಾದಲ್ಲಿ ಡಬ್ಬಿಯೊಳಗಿನ ಚೀಟಿ ಎಲ್ಲಾ ಒಂದೇ ಥರ, ಅಲ್ಲಿ ಯಾವ ಚೀಟಿಗೂ ಹೆಚ್ಚುಗಾರಿಕೆ ಇಲ್ಲ. ದುಡ್ಡು ಹಾಕಬೇಡ.

ಮಾಸ್ತರ್ ಸರ್, ನಾನು ಬಿಎಸ್ಸಿ ಎರಡನೇ ವರ್ಷ. ಸೂತ್ರ ನನಗೆ ಗೊತ್ತು, ಮೊದಲ ಅಂಕಿ d ಬರುವ ಪಾಲು log(1 + 1/d). d ಜಾಗದಲ್ಲಿ 1 ಹಾಕಿದರೆ log 2, ಅಂದರೆ 0.301. 9 ಹಾಕಿದರೆ 0.046. ಆದರೆ ಅಂಕಿಗೂ ಲಾಗ್‌ಗೂ ಏನು ಸಂಬಂಧ ಅಂತ ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಬಿಡಿಸಿ ಹೇಳಿ.

ನಿವೃತ್ತ ಮಾಸ್ತರ

ರೇಖಾ, ಒಂದು ಮೀಟರ್ ಉದ್ದದ ಕಾಗದದ ಪಟ್ಟಿ ತಗೊ. ಎಡ ತುದಿಯಲ್ಲಿ 1 ಬರಿ, ಬಲ ತುದಿಯಲ್ಲಿ 10. ನಡುವೆ ಪ್ರತಿ ಅಂಕಿಯನ್ನು ಅದರ ಲಾಗ್ ಎಷ್ಟೋ ಅಷ್ಟು ದೂರದಲ್ಲಿ ಗುರುತು ಮಾಡು. 2 ಬರುವುದು 30.1 ಸೆಂ.ಮೀ. ಹತ್ತಿರ. 3 ಬರುವುದು 47.7ಕ್ಕೆ, 4 ಬರುವುದು 60.2ಕ್ಕೆ, 5 ಬರುವುದು 69.9ಕ್ಕೆ. ಆಮೇಲೆ ಒತ್ತೊತ್ತಾಗಿ 6, 7, 8, ಕೊನೆಗೆ 9 ಬರುವುದು 95.4ಕ್ಕೆ. ಈಗ ಪಟ್ಟಿಯನ್ನು ನೋಡು. 1ಕ್ಕೂ 2ಕ್ಕೂ ನಡುವಿನ ಜಾಗ ಒಂದು ಗೇಣಿಗಿಂತ ದೊಡ್ಡದು. 9ರಿಂದ ತುದಿಯವರೆಗಿನ ಜಾಗ ಮೂರು ಬೆರಳಿನಗಲವೂ ದಾಟಲಿಕ್ಕಿಲ್ಲ.

1.4 ಆಗಲಿ, 140 ಆಗಲಿ, 14,000 ಆಗಲಿ, ಎಲ್ಲಾ ಈ ಪಟ್ಟಿಯ ಮೇಲೆ ಒಂದೇ ಬಿಂದುವಿನಲ್ಲಿ ಕೂರುತ್ತವೆ. ಸೊನ್ನೆ ಹೆಚ್ಚಾದರೆ ಲಾಗ್‌ನ ಪೂರ್ಣಾಂಕ ಬದಲಾಗುತ್ತದೆ, ದಶಾಂಶ ಬಿಂದುವಿನ ಮುಂದಿನ ಭಾಗ ಬದಲಾಗುವುದಿಲ್ಲ. ಹಾಗಾಗಿ ಮೊದಲ ಅಂಕಿ ಯಾವುದು ಅನ್ನುವ ಪ್ರಶ್ನೆಯೂ ಪಟ್ಟಿಯ ಯಾವ ತುಂಡಿನ ಮೇಲೆ ಬಿತ್ತು ಅನ್ನುವ ಪ್ರಶ್ನೆಯೂ ಒಂದೇ. ಸಂಖ್ಯೆಗಳು ಪಟ್ಟಿಯ ಉದ್ದಕ್ಕೂ ಸಮನಾಗಿ ಉದುರಿದರೆ, 1ರ ತುಂಡಿನ ಮೇಲೆ ನೂರಕ್ಕೆ 30 ಬೀಳುತ್ತವೆ. 9ರ ತುಂಡಿನ ಮೇಲೆ ನೂರಕ್ಕೆ 5 ಕೂಡ ಬೀಳುವುದಿಲ್ಲ. ನ್ಯೂಕಾಂಬ್ ಹೇಳಿದ್ದೂ ಇದನ್ನೇ: ಸಮನಾಗಿ ಹರಡುವುದು ಅಂಕಿಗಳಲ್ಲ, ಅವುಗಳ ಲಾಗ್‌ನ ದಶಾಂಶ ಭಾಗ.

ನಮ್ಮ ಲ್ಯಾಬ್ ಪುಸ್ತಕಕ್ಕೆ ಈ ಲೆಕ್ಕ ಹಾಕಿದರೆ 10ರಿಂದ 54ರ ಪುಟಕ್ಕೆ ಪಟ್ಟಿಯ 74 ಸೆಂ.ಮೀ. ಸಿಗುತ್ತದೆ, ಇನ್ನೊಂದು ಪುಟಕ್ಕೆ 26. ಮೂರು ಸಲ ಮೊದಲ ಪುಟ ಮುಟ್ಟಿದರೆ ಒಂದು ಸಲ ಎರಡನೆಯದು. ಜಿಡ್ಡಿನ ಕಾರಣ ಇದು. ಅದೇ ಪುಸ್ತಕದ ಆಂಟಿಲಾಗ್ ಪುಟಗಳಿಗೆ ಬಾ. ಅಲ್ಲಿ ನಾವು ಹುಡುಕುವುದೇ ದಶಾಂಶ ಭಾಗವನ್ನು. ಅವು ಸಮನಾಗಿ ಹರಡಿರುವುದರಿಂದ ಆಂಟಿಲಾಗ್‌ನ ಎರಡೂ ಪುಟ ಒಂದೇ ಸಮ ಸವೆಯಬೇಕು.

ರೇಖಾ (ಸೇಡಂ)

ಪಟ್ಟಿ ಮಾಡಿದೆ ಸರ್, ಗೋಡೆಗೆ ಅಂಟಿಸಿದ್ದೇನೆ. ಆದರೆ ನೀವು "ಸಮನಾಗಿ ಉದುರಿದರೆ" ಅಂದಿರಿ. ಯಾಕೆ ಸಮನಾಗಿ ಉದುರಬೇಕು? ಅಲ್ಲೇ ಇಡೀ ಗುಟ್ಟು ಇದೆಯಲ್ಲ.

ನಿವೃತ್ತ ಮಾಸ್ತರ

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯ. ಬೆಳೆಯುವ ವಸ್ತುವಿನಿಂದ ಶುರು ಮಾಡೋಣ. ಬ್ಯಾಂಕಿನಲ್ಲಿ 1 ಲಕ್ಷ ಇಟ್ಟೆ, ವರ್ಷಕ್ಕೆ ನೂರಕ್ಕೆ 7 ಚಕ್ರಬಡ್ಡಿ. 1 ಲಕ್ಷ 2 ಲಕ್ಷ ಆಗಲು ಹತ್ತು ವರ್ಷಕ್ಕೆ ಸ್ವಲ್ಪ ಜಾಸ್ತಿ ಬೇಕು. ಆ ಹತ್ತು ವರ್ಷವೂ ಪಾಸ್‌ಬುಕ್ಕಿನಲ್ಲಿ ಮೊದಲ ಅಂಕಿ 1. ಎರಡು ಮೂರಾಗಲು ಆರು ವರ್ಷ. 9 ಲಕ್ಷ 10 ಲಕ್ಷ ಆಗಲು ಒಂದೂವರೆ ವರ್ಷ ಸಾಕು. ಯಾಕೆಂದರೆ 1ರಿಂದ 2ಕ್ಕೆ ಹೋಗುವಾಗ ದುಡ್ಡು ಇಮ್ಮಡಿ ಆಗಬೇಕು, 9ರಿಂದ 10ಕ್ಕೆ ಒಂಬತ್ತನೇ ಒಂದು ಭಾಗ ಕೂಡಿದರೆ ಆಯಿತು. 1 ಲಕ್ಷದಿಂದ 10 ಲಕ್ಷದ ದಾರಿ ಒಟ್ಟು 34 ವರ್ಷ. ಅದರಲ್ಲಿ 1ರ ಪಾಲು ಹತ್ತು ಚಿಲ್ಲರೆ. ಭಾಗಿಸಿ ನೋಡು, 0.301 ಬರುತ್ತದೆ. ಬಡ್ಡಿ 7ರ ಬದಲು 5 ಇದ್ದರೂ ವರ್ಷಗಳು ಹೆಚ್ಚುತ್ತವೆ, ಪಾಲು ಅದೇ. ಪಟ್ಟಿಯ ಮೇಲೆ ಆ ದುಡ್ಡು ಒಂದೇ ವೇಗದಲ್ಲಿ ನಡೆಯುತ್ತಿರುತ್ತದೆ, ಅಷ್ಟೇ.

ಊರಿನ ಜನಸಂಖ್ಯೆ ಬೆಳೆಯುವುದೂ ಹೀಗೇ, ಇದ್ದುದರ ಇಷ್ಟು ಪಾಲು ಅಂತ.

ಮಲ್ಲು (ಶಹಾಪುರ)

ಸರ್, ಜನಸಂಖ್ಯೆ ಅಂದ ಕೂಡಲೇ ನಾನು 2011ರ ಜನಗಣತಿ ತೆಗೆದು ಕೂತೆ. ಬೀದರ್ 17,03,300. ನಮ್ಮ ಯಾದಗಿರಿ 11,74,271. ರಾಯಚೂರು 19,28,812. ಕೊಪ್ಪಳ 13,89,920. ಕಲಬುರಗಿ 25,66,326. ಬಳ್ಳಾರಿ 24,52,595. ಎಲ್ಲಾ 1 ಮತ್ತು 2! ಆಮೇಲೆ ಆಗಿದ್ದ 30 ಜಿಲ್ಲೆಗಳನ್ನೂ ಎಣಿಸಿದೆ. 20 ಜಿಲ್ಲೆ 1ರಿಂದ ಶುರು, 5 ಜಿಲ್ಲೆ 2ರಿಂದ. ನಿಯಮ ಪಕ್ಕಾ ಅಂತ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ನಿವೃತ್ತ ಮಾಸ್ತರ

ಕಷ್ಟಪಟ್ಟು ಎಣಿಸಿದ್ದೀರಿ, ಆದರೆ ಇದು ಸಾಕ್ಷಿ ಅಲ್ಲ ಮಲ್ಲು. ನಿಯಮದ ಪ್ರಕಾರ 30ರಲ್ಲಿ 9 ಬರಬೇಕು. ನಿಮಗೆ ಬಂದದ್ದು 20. ದುಪ್ಪಟ್ಟಿಗಿಂತ ಜಾಸ್ತಿ. ಇಲ್ಲಿ 1 ಗೆದ್ದಿರುವುದು ಬೇರೆಯೇ ಕಾರಣಕ್ಕೆ. ಆಡಳಿತಕ್ಕೆ ಅನುಕೂಲ ಆಗಲಿ ಅಂತ ಜಿಲ್ಲೆಗಳನ್ನು ಮನುಷ್ಯರು ಕತ್ತರಿಸುತ್ತಾರೆ. ಹತ್ತರಿಂದ ಇಪ್ಪತ್ತು ಲಕ್ಷ ಅನ್ನುವುದು ನಮ್ಮಲ್ಲಿ ಒಂದು ಜಿಲ್ಲೆಯ ಸಾಮಾನ್ಯ ಗಾತ್ರ. 2009ರ ಕೊನೆಯಲ್ಲಿ ಯಾದಗಿರಿ ಬೇರೆ ಆಗದೇ ಇದ್ದಿದ್ದರೆ ಕಲಬುರಗಿಯ ಸಂಖ್ಯೆ 37 ಲಕ್ಷ ದಾಟುತ್ತಿತ್ತು, ಮೊದಲ ಅಂಕಿ 3 ಆಗುತ್ತಿತ್ತು. ಗಡಿ ಎಲ್ಲಿ ಎಳೆದರು ಅನ್ನುವುದರ ಮೇಲೆ ಅಂಕಿ ನಿಂತಿದೆ.

ನಿಯಮ ಕಾಣಬೇಕಾದರೆ ಗಾತ್ರಗಳು ಹರಡಿರಬೇಕು. ಐವತ್ತು ಜನರ ಊರೂ ಇರಬೇಕು, ಐವತ್ತು ಸಾವಿರದ ಊರೂ ಇರಬೇಕು. ನಿಮ್ಮ ತಾಲ್ಲೂಕಿನ ಹಳ್ಳಿಗಳ ಪಟ್ಟಿ ಜನಗಣತಿಯಲ್ಲೇ ಇದೆ, ಅದನ್ನು ಎಣಿಸಿ. ಜಿಲ್ಲೆಗಿಂತ ಅದು ಒಳ್ಳೆಯ ಪರೀಕ್ಷೆ.

ಮಲ್ಲು (ಶಹಾಪುರ)

ಆಯ್ತು ಸರ್, ಹಳ್ಳಿ ಪಟ್ಟಿ ತೆಗೆಯುತ್ತೇನೆ. ಜಾಸ್ತಿ ಬಂದರೆ ಇನ್ನೂ ಒಳ್ಳೆಯದು ಅಂದುಕೊಂಡಿದ್ದೆ.

ಬಶೀರ್ (ಬೀದರ್)

ಮಾಸ್ತರ್ ಸಾಹೇಬರೇ, ನನ್ನ ಮನೆಯ ಕರೆಂಟ್ ಬಿಲ್ ಒಂದು ವರ್ಷದ್ದು ಮುಂದೆ ಇಟ್ಟುಕೊಂಡಿದ್ದೇನೆ. ಎಲ್ಲವೂ 600ರಿಂದ 900ರ ಒಳಗೆ. ಒಂದು ತಿಂಗಳೂ 1ರಿಂದ ಶುರುವಾಗಿಲ್ಲ. ಅಂಗಡಿಯಲ್ಲಿ ಬಿದ್ರಿ ಸಾಮಾನು ಮಾರುತ್ತೇನೆ, ಅದರ ಚೀಟಿ ಮೇಲಿನ ಬೆಲೆಗಳೂ 950, 480, 1,900 ಹೀಗೆ. ನನ್ನ ಕಡೆ 9 ಜಾಸ್ತಿಯೇ ಇದೆ.

ರೇಖಾ (ಸೇಡಂ)

ಬಶೀರ್ ಭಾಯ್, ನಿಮ್ಮ ಬಿಲ್ಲುಗಳನ್ನು ನನ್ನ ಪಟ್ಟಿಯ ಮೇಲೆ ಇಟ್ಟು ನೋಡಿದೆ. 600 ಇರುವುದು 77.8ಕ್ಕೆ, 900 ಇರುವುದು 95.4ಕ್ಕೆ. ವರ್ಷವಿಡೀ ಬಿಲ್ಲು 17.6 ಸೆಂ.ಮೀ. ಜಾಗದಲ್ಲೇ ಓಡಾಡಿದೆ. ಒಂದೇ ಮನೆ, ಅದೇ ಫ್ಯಾನ್, ಅದೇ ಫ್ರಿಜ್ ಅಂದರೆ ಹೀಗೇ ಆಗುತ್ತದೆ. ಒಂದು ಬಲ್ಬಿನ ಮನೆಯಿಂದ ಹಿಡಿದು ದಾಲ್ ಮಿಲ್ಲಿನವರೆಗೆ ಇಡೀ ಊರಿನ ಬಿಲ್ಲು ಕೂಡಿಸಿದರೆ ಪಟ್ಟಿ ತುಂಬುತ್ತದೆ. ಬಿದ್ರಿ ಸಾಮಾನಿನ ಬೆಲೆ ಚೀಟಿ ನೀವೇ ಬರೆದದ್ದು. ಗಿರಾಕಿಗೆ ಸಾವಿರದ ಒಳಗೆ ಕಾಣಲಿ ಅಂತ 950 ಇಡುತ್ತೀರಿ, ಅಲ್ವಾ?

ಬಶೀರ್ (ಬೀದರ್)

ಅಲ್ವಾ ಅಂದ್ರೆ, ಹೌದು. ಸಾವಿರ ಅಂದರೆ ಕೈಗೆತ್ತಿಕೊಂಡ ಹೂದಾನಿ ಕೆಳಗಿಡುತ್ತಾರೆ.

ಶಿವಲೀಲಾ (ಗಂಜ್)

ಕುಳಿತು ಎಣಿಸಿದೆ. ಹೋದ ಆರು ತಿಂಗಳಿನ ವೋಚರ್ 300. 1ರಿಂದ ಶುರುವಾಗುವವು 81. 2ರವು 46. 3ರವು 34. 4ರವು 63. 5ರವು 21. 6ರವು 19. 7ರವು 15. 8ರವು 12. 9ರವು 9. ಮೊತ್ತಗಳು 40 ರೂಪಾಯಿ ಚಹಾದಿಂದ 60 ಸಾವಿರದ ಚೀಲದ ಬಿಲ್ಲಿನವರೆಗೆ ಇವೆ.

ರೇಖಾ (ಸೇಡಂ)

ಸರ್, ಅವರು ಎಣಿಕೆ ಹಾಕಿದ್ದಾರೆ, ನೀವು ಅದಕ್ಕೆ ಹೋಗುವ ಮೊದಲು ನನ್ನದು ಒಂದೇ ಪ್ರಶ್ನೆ. ವೋಚರ್ ಬ್ಯಾಂಕಿನ ದುಡ್ಡಿನಂತೆ ಬೆಳೆಯುವುದಿಲ್ಲ. ಹಮಾಲಿ ಕೊಟ್ಟರು, ಮುಗೀತು. ಅದಕ್ಕೆ ಯಾಕೆ ಈ ನಿಯಮ?

ನಿವೃತ್ತ ಮಾಸ್ತರ

ನಿನ್ನ ಗೋಡೆಯ ಪಟ್ಟಿ ಬಿಚ್ಚಿ ಎರಡೂ ತುದಿ ಅಂಟಿಸು ರೇಖಾ, ಬಳೆಯಂತೆ. 1 ಮತ್ತು 10 ಒಂದೇ ಕಡೆ ಬರುತ್ತವೆ. ಈಗ ಗುಣಿಸುವುದು ಅಂದರೆ ಬಳೆಯ ಮೇಲೆ ಸರಿಯುವುದು. 2ರಿಂದ ಗುಣಿಸಿದರೆ 30.1 ಸೆಂ.ಮೀ. ಮುಂದೆ. 4ರಲ್ಲಿ ನಿಂತು 5ರಿಂದ ಗುಣಿಸು. 60.2ಕ್ಕೆ 69.9 ಕೂಡಿದರೆ 130.1. ಒಂದು ಸುತ್ತು ಮುಗಿದು 30.1ಕ್ಕೆ ಬಂದು ನಿಂತೆ. ಅಲ್ಲಿರುವುದು 2. ಉತ್ತರ 20, ಮೊದಲ ಅಂಕಿ 2, ಸರಿಯಾಯಿತಲ್ಲ?

ಹಮಾಲಿ ಅಂದರೆ ಚೀಲದ ಎಣಿಕೆ ಗುಣಿಸು ಚೀಲಕ್ಕೆ ಇಷ್ಟು ದರ. 37 ಚೀಲ, ಚೀಲಕ್ಕೆ 18 ರೂಪಾಯಿ ಅಂತ ಇಟ್ಟುಕೊ. 56.8 ಸರಿದು, ಮತ್ತೆ 25.5 ಸರಿದರೆ 82.3. ಅಲ್ಲಿ 666 ಕೂತಿದೆ. ಚೀಲದ ಬಿಲ್ಲು, ಬಾಡಿಗೆ, ರಿಪೇರಿ, ಎಲ್ಲವೂ ಎಣಿಕೆ, ದರ, ತೂಕ, ದೂರಗಳ ಗುಣಾಕಾರ. ಒಂದೊಂದೂ ಬಳೆಯ ಮೇಲೆ ಬೇರೆ ಬೇರೆ ದೂರ ಸರಿಸುತ್ತದೆ. ಹೀಗೆ ಸರಿದು ಸರಿದು ಬಳೆಯ ಯಾವ ಜಾಗಕ್ಕೂ ವಿಶೇಷ ಒಲವು ಉಳಿಯುವುದಿಲ್ಲ. ಸುತ್ತಲೂ ಸಮನಾಗಿ ಹರಡುತ್ತದೆ.

ಇನ್ನೊಂದು ಕಡೆಯಿಂದ ನೋಡು. ಹೊಲವನ್ನು ಎಕರೆಯಲ್ಲೂ ಹೇಳುತ್ತೇವೆ, ಗುಂಟೆಯಲ್ಲೂ ಹೇಳುತ್ತೇವೆ. ಎಕರೆಗೆ 40 ಗುಂಟೆ. ಎಕರೆಯಿಂದ ಗುಂಟೆಗೆ ಬಂದರೆ ಬಳೆಯನ್ನು 60.2 ಸೆಂ.ಮೀ. ತಿರುಗಿಸಿದಂತೆ. ಸುತ್ತಲೂ ಸಮ ಇದ್ದರೆ ತಿರುಗಿಸಿದರೂ ಸಮವೇ. ಆದರೆ ಒಂಬತ್ತೂ ಅಂಕಿಗೆ ಒಂದೇ ಪಾಲು ಕೊಟ್ಟು ನೋಡು. ಅಂಥ ಸಂಖ್ಯೆಗಳನ್ನೆಲ್ಲ ಇಮ್ಮಡಿ ಮಾಡಿದರೆ 5, 6, 7, 8, 9ರಿಂದ ಶುರುವಾದವೆಲ್ಲ 1ಕ್ಕೆ ಬಂದುಬಿಡುತ್ತವೆ. ಒಂಬತ್ತರಲ್ಲಿ ಐದು ಪಾಲು 1ಕ್ಕೇ ಆಯಿತು. ಅಳತೆಯ ಮಾನ ಬದಲಾಯಿಸಿದ್ದಕ್ಕೇ ನಿಯಮ ಕೆಟ್ಟರೆ ಅದು ಎಂಥ ನಿಯಮ? ಅದೇ ಬೆನ್‌ಫರ್ಡ್ ಪಾಲು ತಗೊ. 5ರಿಂದ 9ರವರೆಗಿನ ಪಾಲು 7.9, 6.7, 5.8, 5.1, 4.6. ಕೂಡಿಸು. 30.1 ಬರುತ್ತದೆ, 1ರ ಪಾಲು ಎಷ್ಟಿತ್ತೋ ಅಷ್ಟೇ. ನನಗೆ ಇದು ಮೊದಲ ಸಲ ಹೊಳೆದಾಗ ರಾತ್ರಿ ನಿದ್ದೆ ಬರಲಿಲ್ಲ.

ರೇಖಾ (ಸೇಡಂ)

ಕೂಡಿಸಿದೆ, ಸರಿಯಾಗಿ 30.1. ತುಂಬಾ ಚೆನ್ನಾಗಿದೆ ಸರ್. ಆದರೂ ಬರೀ ಎರಡು ಸಂಖ್ಯೆ ಗುಣಿಸಿದರೆ ಬಳೆ ಪೂರ್ತಿ ಸಮ ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹಮಾಲಿ ದರ ಸೀಸನ್ ಪೂರ್ತಿ ಒಂದೇ ಇರುತ್ತದೆ. ಚೀಲದ ಎಣಿಕೆ ಮಾತ್ರ ಸರಿಯಬೇಕು.

ನಿವೃತ್ತ ಮಾಸ್ತರ

ಪೂರ್ತಿ ಸಮ ಆಗುವುದಿಲ್ಲ, ನೀನು ಹೇಳಿದ್ದು ನಿಜ. ಬರೀ ಹಮಾಲಿ ವೋಚರ್ ತೆಗೆದರೆ ನಿಯಮ ವಾಲಬಹುದು. ಬೇರೆ ಬೇರೆ ಮೂಲದ ಸಂಖ್ಯೆಗಳನ್ನು ಕಲಸಿದರೆ ಹತ್ತಿರ ಬರುತ್ತದೆ. 1995ರಲ್ಲಿ ಥಿಯೋಡರ್ ಹಿಲ್ ಅನ್ನುವ ಗಣಿತಜ್ಞರು ಹೀಗೆ ಕಲಸುವುದರಿಂದಲೇ ನಿಯಮ ಹುಟ್ಟುತ್ತದೆ ಅಂತ ಸಾಧಿಸಿದರು. ಆದರೆ ಅವರ ಷರತ್ತು ಏನೆಂದರೆ, ಯಾವ ಮಾನಕ್ಕೂ ಒಲವು ಇಲ್ಲದ ಹಾಗೆ ಮೂಲಗಳನ್ನು ಆರಿಸಬೇಕು. ನಿಜ ಜೀವನದ ಒಂದು ಲೆಕ್ಕಪುಸ್ತಕ ಆ ಷರತ್ತನ್ನು ಎಷ್ಟು ಪಾಲಿಸುತ್ತದೆ ಅನ್ನುವುದನ್ನು ಮೊದಲೇ ಹೇಳಲು ಬರುವುದಿಲ್ಲ. ಎಣಿಸಿಯೇ ನೋಡಬೇಕು.

ಈಗ ಶಿವಲೀಲಾ ಅವರ ಪುಸ್ತಕ. 300ಕ್ಕೆ ನಿಯಮದ ಲೆಕ್ಕ ಹೀಗೆ: 1ಕ್ಕೆ 90, 2ಕ್ಕೆ 53, 3ಕ್ಕೆ 37, 4ಕ್ಕೆ 29, 5ಕ್ಕೆ 24. ಮುಂದೆ 20, 17, 15, 14. ನಿಮ್ಮಲ್ಲಿ ಎಲ್ಲಾ ಅಂಕಿಗಳೂ ಸ್ವಲ್ಪ ಸ್ವಲ್ಪ ಕಡಿಮೆ, ಒಂದೇ ಒಂದು ಎದ್ದು ನಿಂತಿದೆ. 29 ಇರಬೇಕಾದ ಕಡೆ 63. ಇಷ್ಟು ವೋಚರ್‌ಗೆ 4ರ ಎಣಿಕೆ ಐದಾರು ಹೆಚ್ಚು ಕಡಿಮೆ ಆಗುವುದು ಸಹಜ. ಹತ್ತು ಆಚೀಚೆ ಆದರೆ ಅಪರೂಪ. 34 ಹೆಚ್ಚು ಅನ್ನುವುದು ಆಕಸ್ಮಿಕ ಅಲ್ಲ. ನೀವು 1ನ್ನು ನೋಡಿ ಹೆದರಿದಿರಿ. ಕೇಳಬೇಕಾದ್ದು 4ರ ಬಗ್ಗೆ.

ಸಂಗಮೇಶ (ಹುಮನಾಬಾದ್)

ನಾನು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡಿಕೊಡುತ್ತೇನೆ. ಹೀಗೆ ಒಂದು ಅಂಕಿ ಎದ್ದು ನಿಂತರೆ ನಾನು ಮೊದಲು ಕೇಳುವುದು ಒಂದೇ: ಅದರ ಮೇಲೆ ಯಾವುದಾದರೂ ಮಿತಿ ಇದೆಯಾ? ನಗದು ಖರ್ಚು ಒಬ್ಬರಿಗೆ ಒಂದೇ ದಿನ 10,000 ದಾಟಿದರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ಒಪ್ಪುವುದಿಲ್ಲ. ಅದಕ್ಕೇ ಬಹಳ ಪುಸ್ತಕಗಳಲ್ಲಿ 9,500, 9,800 ಸಾಲುಸಾಲಾಗಿ ಕಾಣುತ್ತವೆ. ನಿಮ್ಮಲ್ಲಿ 9 ಕಡಿಮೆಯೇ ಇದೆ, ಆ ತೊಂದರೆ ಇಲ್ಲ. 4 ಜಾಸ್ತಿ ಅಂದರೆ 5,000ಕ್ಕೆ ಏನೋ ಕಟ್ಟಳೆ ಇರಬೇಕು. ನಿಮ್ಮಲ್ಲಿ 5,000 ದಾಟಿದರೆ ಯಾರ ಸಹಿ ಬೇಕು ಮೇಡಂ?

ಶಿವಲೀಲಾ (ಗಂಜ್)

ಅಪ್ಪನ ಸಹಿ. ಮೊದಲಿಂದಲೂ ಇದೇ ಪದ್ಧತಿ. 5,000ದ ಒಳಗೆ ಮುನೀಮರೇ ಕೊಡಬಹುದು. ಇದನ್ನು ಓದಿ ಕೈಕಾಲು ತಣ್ಣಗಾಯಿತು.

ಸಂಗಮೇಶ (ಹುಮನಾಬಾದ್)

ಹಾಗಾದರೆ ಗೊತ್ತಾಯಿತಲ್ಲ. ದೊಡ್ಡ ಮೊತ್ತ ಒಡೆದು ಎರಡೆರಡು ವೋಚರ್ ಮಾಡಿದ್ದಾರೆ. ಅವರ ಕೈಯಿಂದ ಪುಸ್ತಕ ಇವತ್ತೇ ತಗೊಳ್ಳಿ.

ನಿವೃತ್ತ ಮಾಸ್ತರ

ಸಂಗಮೇಶ ಅವರೇ, ಅವಸರ ಬೇಡ. ಈ ಲೆಕ್ಕ ಎಲ್ಲಿ ನೋಡಬೇಕು ಅಂತ ಬೆರಳು ತೋರಿಸುತ್ತದೆ, ಯಾರು ತಪ್ಪು ಮಾಡಿದರು ಅಂತ ಹೇಳುವುದಿಲ್ಲ. ಇಪ್ಪತ್ತು ವರ್ಷ ದುಡಿದವರ ಮೇಲೆ ಒಂದು ಅಂಕಿ ನೋಡಿ ಕಳ್ಳ ಅನ್ನಬಾರದು. ಶಿವಲೀಲಾ, ಆ 63 ವೋಚರ್ ಮಾತ್ರ ಬೇರೆ ತೆಗೆಯಿರಿ. ಒಂದೇ ಮೊತ್ತ ಮತ್ತೆ ಮತ್ತೆ ಬಂದಿದೆಯಾ ನೋಡಿ.

ಶಿವಲೀಲಾ (ಗಂಜ್)

ತೆಗೆದೆ. 63ರಲ್ಲಿ 32 ವೋಚರ್ ಒಂದೇ ಮೊತ್ತ, 4,500. ಎಲ್ಲವೂ ಲಾರಿ ಬಾಡಿಗೆ. ಗಂಜ್‌ನಿಂದ ಹೊರಗಿನ ಒಂದು ಗೋದಾಮಿಗೆ ಮಾಲು ಹೋಗುತ್ತದೆ, ಆ ದಾರಿಗೆ ಬಾಡಿಗೆ ವರ್ಷಕ್ಕೆ ಒಮ್ಮೆ ಮಾತಾಡಿ ಗೊತ್ತು ಮಾಡಿದ್ದು. ಲಾರಿ ನಂಬರ್, ಡ್ರೈವರ್ ಸಹಿ, ಗೋದಾಮಿನ ಒಳಬರುವ ಚೀಟಿ ಎಲ್ಲಾ ಹೊಂದುತ್ತವೆ. ಒಂದೊಂದೇ ತಾಳೆ ನೋಡಿದೆ. ಮನಸ್ಸು ಹಗುರ ಆಯಿತು.

ನಿವೃತ್ತ ಮಾಸ್ತರ

ಒಂದೇ ದರದ ಖರ್ಚು ಅಂದರೆ ಬಳೆಯ ಮೇಲೆ ಒಂದೇ ಬಿಂದುವಿನಲ್ಲಿ 32 ಸಲ ಕೂತಂತೆ. ಅವನ್ನು ಬಿಟ್ಟರೆ 268 ವೋಚರ್ ಉಳಿದವು. ಅದರಲ್ಲಿ 4ರವು 31. ನಿಯಮದ ಪ್ರಕಾರ 26. ಐದು ಆಚೀಚೆ ಸಹಜ. 1ಕ್ಕೆ 268ರಲ್ಲಿ 81 ಬೇಕು, ನಿಮ್ಮಲ್ಲಿ ಸರಿಯಾಗಿ 81. ಉಳಿದವೂ ಜಾಗಕ್ಕೆ ಕೂತವು.

ಇನ್ನೊಂದೇ ಕೆಲಸ ಉಳಿದಿದೆ. ಸಂಗಮೇಶ ಹೇಳಿದ ಒಡೆಯುವ ಅಭ್ಯಾಸ ಇದ್ದರೆ ಅದು 4,100ರಲ್ಲಿ ಇರುವುದಿಲ್ಲ, 5,000ಕ್ಕೆ ಅಂಟಿಕೊಂಡಿರುತ್ತದೆ. ಮೊದಲ ಎರಡು ಅಂಕಿ 49 ಇರುವ ವೋಚರ್ ಎಷ್ಟು? ನಿಯಮ ಎರಡು ಅಂಕಿಗೂ ನಡೆಯುತ್ತದೆ. ಪಟ್ಟಿಯ ಮೇಲೆ 49ರಿಂದ 50ರವರೆಗಿನ ಜಾಗ ಒಂದು ಸೆಂ.ಮೀ. ಕೂಡ ಇಲ್ಲ. 268ರಲ್ಲಿ ಎರಡೋ ಮೂರೋ ಬಂದರೆ ಸರಿ.

ಶಿವಲೀಲಾ (ಗಂಜ್)

ಒಂಬತ್ತು ಇವೆ ಸರ್. 49 ರೂಪಾಯಿಯದು ಒಂದೂ ಇಲ್ಲ, 490ರದೂ ಇಲ್ಲ. ಒಂಬತ್ತೂ 4,900ರಿಂದ 4,980ರ ಒಳಗೆ.

ಸಂಗಮೇಶ (ಹುಮನಾಬಾದ್)

ನಾನು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ ನೋಡಿ. ತಾರೀಖು ನೋಡಿ ಮೇಡಂ. ಜೋಡಿ ಜೋಡಿಯಾಗಿ ಒಂದೇ ದಿನ ಬಂದಿವೆಯಾ?

ವಿಶ್ವ (ಯಾದಗಿರಿ)

ಇಷ್ಟು ದಿನ ಲಾಗ್ ಟೇಬಲ್ ಅಂದ್ರೆ ಪರೀಕ್ಷೆಗೆ ಮಾತ್ರ ಅಂತ ಅಂದುಕೊಂಡಿದ್ದೆ. ಮುಂದೇನಾಯ್ತು ಅಕ್ಕಾ?

ಶಿವಲೀಲಾ (ಗಂಜ್)

ಮೂರು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಅಪ್ಪನ ಮುಂದೆಯೇ ಮುನೀಮರನ್ನು ಕೂರಿಸಿ ಕೇಳಿದೆ. ಅನುಮಾನ ಅಂತ ಹೇಳಲಿಲ್ಲ, ಈ ಒಂಬತ್ತು ವೋಚರ್ ಅರ್ಥ ಮಾಡಿಸಿ ಕಾಕಾ ಅಂದೆ. ಆರು ವೋಚರ್ ಮೂರು ಜೋಡಿ, ಒಂದೊಂದು ಜೋಡಿಯೂ ಒಂದೇ ದಿನದ್ದು. ಅಪ್ಪ ಆಸ್ಪತ್ರೆಯಲ್ಲಿದ್ದ ವಾರ ತೊಗರಿ ಜೋರಾಗಿ ಬರುತ್ತಿತ್ತು, ಹಮಾಲರಿಗೆ ಸಂಜೆಗೆ ದುಡ್ಡು ಕೊಡಲೇಬೇಕಿತ್ತು, ಸಹಿ ಹಾಕುವವರು ಇರಲಿಲ್ಲ. ಅದಕ್ಕೇ ಒಡೆದು ಬರೆದರಂತೆ. ಹಮಾಲರ ಮುಖಂಡರ ಪುಸ್ತಕದಲ್ಲಿ ಅದೇ ದಿನ, ಅದೇ ಒಟ್ಟು ಮೊತ್ತ ಇದೆ. ಚೀಲದ ಎಣಿಕೆಯೂ ಕೂಡಿತು. ಅಪ್ಪ ಅವತ್ತೇ ನನಗೂ ಸಹಿ ಅಧಿಕಾರ ಕೊಟ್ಟರು.

ಉಳಿದ ಮೂರು ತಕ್ಕಡಿ ರಿಪೇರಿಯವು. ಎರಡಕ್ಕೆ ಅಂಗಡಿಯ ಬಿಲ್ಲು ಸಿಕ್ಕಿತು. ಒಂದಕ್ಕೆ ಸಿಕ್ಕಿಲ್ಲ. ಮುನೀಮರು ಹುಡುಕಿ ಕೊಡುತ್ತೇನೆ ಅಂದಿದ್ದಾರೆ.

ಮಲ್ಲು (ಶಹಾಪುರ)

ಸರ್, ಹಳ್ಳಿಗಳ ಪಟ್ಟಿ ಅರ್ಧ ಎಣಿಸಿದ್ದೇನೆ. ಜನ ಇಲ್ಲದ ಊರುಗಳೂ ಪಟ್ಟಿಯಲ್ಲಿವೆ, ಜನಸಂಖ್ಯೆ 0 ಅಂತ ಬರೆದಿದ್ದಾರೆ. ಅವನ್ನು ಯಾವ ಅಂಕಿಗೆ ಹಾಕಲಿ?

ನಿವೃತ್ತ ಮಾಸ್ತರ

ಬಿಟ್ಟುಬಿಡಿ. 0ಗೆ ಲಾಗ್ ಇಲ್ಲ, ಬಳೆಯ ಮೇಲೆ ಅದಕ್ಕೆ ಜಾಗವೇ ಇಲ್ಲ. ಎಣಿಕೆ ಪೂರ್ತಿ ಆದ ಮೇಲೆ ಒಂಬತ್ತೂ ಅಂಕಿಯದ್ದು ಇಲ್ಲೇ ಹಾಕಿ. 1 ಜಾಸ್ತಿ ಬಂದರೂ ಹಾಕಿ, ಕಡಿಮೆ ಬಂದರೂ ಹಾಕಿ.